ಸರ ಸಿಕ್ಕಿತ್ತು, ಗುರುತೂ ಹಿಡಿದಿದ್ದರು: ಒಂದು ಸರಗಳ್ಳತನದ ಕೇಸು ಖುಲಾಸೆಯಾದ ಬಗೆ

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಹೆಚ್ಚಾಗಿ ಆರೋಪಿಗಳ ಪರ ನಿಲ್ಲುತ್ತೇನೆ. "ಸರ ಸಿಕ್ಕಿದೆ, ಕಳಕೊಂಡವರು ಗುರುತು ಹಿಡಿದಿದ್ದಾರೆ, ಅವನೇ ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನೆ. ಆದ್ರೂ ಕೋರ್ಟು ಹೇಗೆ ಬಿಟ್ಟಿತು?" ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಈ ಮೂರೂ ಇದ್ದ ಒಂದು ಕೇಸನ್ನೇ ತೆಗೆದುಕೊಂಡು ಹೇಳುತ್ತೇನೆ. ಯಾರ ಗುರುತೂ ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಸಂಜೆ ಕತ್ತಲಾಗುವ ಹೊತ್ತು. ದೇವಸ್ಥಾನದಿಂದ ವಾಪಸ್ ಬರುತ್ತಿದ್ದ ಹೆಂಗಸಿನ ಕತ್ತಿನಿಂದ ಬೈಕಿನ ಹಿಂದೆ ಕೂತಿದ್ದವನು ಸರ ಕಿತ್ತ. ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದರಿಂದ ಸರ ತುಂಡಾಯಿತು. ಒಂದು ತುಂಡು ಅವರ ಕೈಯಲ್ಲೇ ಉಳಿಯಿತು. ಎರಡು ತಿಂಗಳಾದ ಮೇಲೆ ಪೊಲೀಸರು ಬೇರೆ ಕೇಸಿನಲ್ಲಿ ನನ್ನ ಕಕ್ಷಿದಾರನನ್ನು ಹಿಡಿದರು. ಅವನು ಕೊಟ್ಟ ಸ್ವಇಚ್ಛಾ ಹೇಳಿಕೆಯಲ್ಲಿ ಈ ಸರದ ವಿಷಯವೂ ಬಂತು, ಅವನೇ ತೋರಿಸಿದ ಗಿರವಿ ಅಂಗಡಿಯಿಂದ ಸರ ಅಮಾನತು ಮಾಡಿದೆವು ಅನ್ನುವುದು ಪೊಲೀಸರ ಕತೆ. ಭಾರತೀಯ ದಂಡ ಸಂಹಿತೆಯ ಕಲಂ 392, ಅಂದರೆ ಸುಲಿಗೆ, ಅಂತ ಚಾರ್ಜ್‌ಶೀಟ್ ಬಂತು. ಹತ್ತು ವರ್ಷದವರೆಗೆ ಶಿಕ್ಷೆ ಆಗಬಹುದಾದ ಅಪರಾಧ ಅದು. ಘಟನೆಯೂ ವಿಚಾರಣೆಯೂ ಹಳೆಯ ಕಾಯ್ದೆಗಳ ಕಾಲದವು, ಹಾಗಾಗಿ ಹಳೆಯ ಕಲಂಗಳನ್ನೇ ಹೇಳುತ್ತಿದ್ದೇನೆ. 2024ರ ಜುಲೈ 1ರಿಂದ ನಂಬರು ಬದಲಾಗಿವೆ. ಸಾಬೀತು ಮಾಡುವ ಹೊಣೆಯ ವಿಷಯದಲ್ಲಿ ತತ್ವ ಹಾಗೇ ಇದೆ.

ಫೈಲು ಕೈಗೆ ಬಂದಾಗ ನಾನು ಮೊದಲು ಒಂದು ಹಾಳೆಯಲ್ಲಿ ಪ್ರಾಸಿಕ್ಯೂಷನ್ ಏನೇನು ಸಾಬೀತು ಮಾಡಬೇಕು ಅಂತ ಬರೆದುಕೊಳ್ಳುತ್ತೇನೆ. ಈ ಕೇಸಿನಲ್ಲಿ ನಾಲ್ಕು ವಿಷಯ ಇದ್ದವು. ಆ ದಿನ ಸರ ಕಿತ್ತದ್ದು ನಿಜ. ಅಂಗಡಿಯಲ್ಲಿ ಸಿಕ್ಕಿದ್ದು ಅದೇ ಸರ. ಅದು ಸಿಕ್ಕಿದ್ದು ನನ್ನ ಕಕ್ಷಿದಾರ ತೋರಿಸಿದ್ದರಿಂದ. ಬೈಕಿನಲ್ಲಿದ್ದವನು ಅವನೇ. ಇದರಲ್ಲಿ ಮೊದಲನೆಯದನ್ನು ನಾನು ಅಲ್ಲಗಳೆಯಲೇ ಇಲ್ಲ. ಆ ಹೆಂಗಸಿನ ಕತ್ತಿನ ಮೇಲೆ ಗಾಯ ಇತ್ತು, ಸರ್ಕಾರಿ ಆಸ್ಪತ್ರೆಯ ಚೀಟಿ ಇತ್ತು. ಎಲ್ಲವನ್ನೂ ಸುಳ್ಳು ಅಂತ ಹೇಳುವ ವಕೀಲನ ಮಾತಿಗೆ ನ್ಯಾಯಾಧೀಶರು ಕಿವಿಗೊಡುವುದು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಆಕೆಗೆ ಆದದ್ದು ಆಗಿಯೇ ಇಲ್ಲ ಅನ್ನಲು ನನಗೆ ಮನಸ್ಸೂ ಇರಲಿಲ್ಲ.

ಉಳಿದ ಮೂರನ್ನು ಸಾಬೀತು ಮಾಡುವ ಹೊಣೆ ಪೂರ್ತಿ ಪ್ರಾಸಿಕ್ಯೂಷನ್ ಮೇಲೆ. ಆರೋಪಿ ಬಾಯಿ ಬಿಡಬೇಕಾಗಿಲ್ಲ. ಆದರೆ ಅವನಾಗಿಯೇ ಒಂದು ಸಂಗತಿ ಹೇಳಿದರೆ ಅದರ ಭಾರ ಅವನ ಮೇಲೆ ಬೀಳುತ್ತದೆ. ನನ್ನ ಕಕ್ಷಿದಾರ "ಸಾರ್, ಅವತ್ತು ನಾನು ಊರಲ್ಲೇ ಇರ್ಲಿಲ್ಲ, ಮದುವೆಗೆ ಹೋಗಿದ್ದೆ ಅಂತ ಹೇಳೋಣ" ಅಂದ. "ಫೋಟೋ ಇದೆಯೇನಪ್ಪಾ? ಮದುವೆ ಮನೆಯವರು ಬಂದು ಸಾಕ್ಷಿ ಹೇಳ್ತಾರಾ?" ಅಂದೆ. ಸುಮ್ಮನಾದ. ಬೇರೆ ಕಡೆ ಇದ್ದೆ ಅನ್ನುವುದನ್ನು ಸಾಬೀತು ಮಾಡಬೇಕಾದವನು ಹಾಗೆ ಹೇಳುವ ಆರೋಪಿಯೇ. ಪ್ರಾಸಿಕ್ಯೂಷನ್ ಸಾಕ್ಷ್ಯ ಗಟ್ಟಿ ಇದ್ದಾಗ, ಸುಳ್ಳು ಅಂತ ಬಯಲಾದ ಇಂಥ ವಾದ ಅವನ ವಿರುದ್ಧದ ಇನ್ನೊಂದು ಕೊಂಡಿಯೂ ಆಗಬಹುದು. ಇಲ್ಲದ್ದನ್ನು ಹೇಳಿಸುವ ಕೆಲಸಕ್ಕೆ ನಾನು ಹೋಗುವುದಿಲ್ಲ ಅಂತ ಅವನಿಗೆ ಅವತ್ತೇ ಹೇಳಿದೆ.

ಇನ್ನು ಜನ "ಒಪ್ಪಿಕೊಂಡಿದ್ದಾನೆ" ಅನ್ನುವ ಆ ಹೇಳಿಕೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡಲು ಸಾಕ್ಷ್ಯ ಕಾಯ್ದೆಯ ಕಲಂ 25 ಬಿಡುವುದಿಲ್ಲ. ಕಲಂ 27 ಅದಕ್ಕೊಂದು ಕಿಂಡಿ ಇಟ್ಟಿದೆ. ಹೇಳಿಕೆಯ ಯಾವ ಭಾಗದಿಂದ ಒಂದು ಸಂಗತಿ ಪತ್ತೆಯಾಯಿತೋ, ಆ ಭಾಗ ಮಾತ್ರ ಒಳಗೆ ಬರುತ್ತದೆ. ನಮ್ಮ ಕೇಸಿನ ಹೇಳಿಕೆಯಲ್ಲಿ "ನಾನು ಕಿತ್ತುಕೊಂಡ ಸರವನ್ನು ಇಂಥ ಅಂಗಡಿಯಲ್ಲಿ ಅಡವಿಟ್ಟಿದ್ದೇನೆ, ನನ್ನ ಜೊತೆ ಬಂದರೆ ತೋರಿಸುತ್ತೇನೆ" ಅಂತ ಇತ್ತು. ಇದರಲ್ಲಿ "ನಾನು ಕಿತ್ತುಕೊಂಡ" ಅನ್ನುವುದು ಹೊರಗೆ. ಅಡವಿಟ್ಟದ್ದು, ತೋರಿಸುತ್ತೇನೆ ಅಂದದ್ದು ಮಾತ್ರ ಒಳಗೆ. ತನಿಖಾಧಿಕಾರಿ ಸಾಕ್ಷಿ ಹೇಳುವಾಗ ಇಡೀ ಹೇಳಿಕೆಯನ್ನೇ ಸಾಕ್ಷ್ಯವಾಗಿ ಗುರುತು ಮಾಡಿಸಲು ನೋಡಿದರು. ನಾನು ಎದ್ದು ಆಕ್ಷೇಪ ಎತ್ತಿದೆ. ನ್ಯಾಯಾಧೀಶರು ಆ ಒಂದು ಸಾಲಿನ ಒಪ್ಪತಕ್ಕ ಭಾಗವನ್ನಷ್ಟೇ ಗುರುತು ಮಾಡಿಸಿದರು. ಆ ಹೊತ್ತಿಗೆ ಎದ್ದು ಆಕ್ಷೇಪಿಸದಿದ್ದರೆ ಕಾನೂನು ಬದಲಾಗುವುದಿಲ್ಲ ನಿಜ. ಆದರೆ ಓದಬಾರದ್ದು ಕಡತದಲ್ಲಿ ಉಳಿದು ಮನಸ್ಸಿನ ಮೇಲೆ ಕೆಲಸ ಮಾಡುತ್ತದೆ.

ಉಳಿದ ಆ ಸಾಲಿಗೆ ಬಲ ಬರಬೇಕಾದರೆ ಅಂಗಡಿಯಲ್ಲಿ ನಡೆದ ಮಹಜರು ಗಟ್ಟಿ ಇರಬೇಕು. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರಲ್ಲಿ ಒಬ್ಬ ಪೂರ್ತಿ ತಿರುಗಿ ಬಿದ್ದ, ತನಗೇನೂ ಗೊತ್ತಿಲ್ಲ ಅಂದ. ಇನ್ನೊಬ್ಬ "ಸ್ಟೇಷನ್‌ನಲ್ಲಿ ಸಹಿ ಮಾಡಿದೆ, ಅಂಗಡಿಗೆ ಹೋಗಿಲ್ಲ" ಅಂದ. ಪಂಚರು ತಿರುಗಿ ಬಿದ್ದರೆ ಕೇಸು ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ತನಿಖಾಧಿಕಾರಿಯ ಮಾತು ನಂಬುವಂತಿದ್ದರೆ ಅದರ ಮೇಲೆಯೇ ಕೋರ್ಟು ಅಮಾನತನ್ನು ಒಪ್ಪಬಹುದು, ಒಪ್ಪಿದ ತೀರ್ಪುಗಳು ಬೇಕಾದಷ್ಟಿವೆ. ಹಾಗಾಗಿ ಪಂಚರನ್ನು ನೆಚ್ಚಿಕೊಳ್ಳದೆ ನಾನು ಅಂಗಡಿಯ ಪುಸ್ತಕದ ಕಡೆ ಹೋದೆ. ಗಿರವಿ ಅಂಗಡಿಯವರು ಲೆಕ್ಕದ ಪುಸ್ತಕ ಇಡಬೇಕು, ಅಡವಿಟ್ಟವರಿಗೆ ರಸೀದಿ ಕೊಡಬೇಕು. ನಿಜವಾಗಿ ಅಡವಿಟ್ಟಿದ್ದರೆ ಹೆಸರು, ತಾರೀಖು, ತೂಕ ಅಲ್ಲಿರುತ್ತದೆ.

ಪಾಟೀ ಸವಾಲಿನಲ್ಲಿ ತನಿಖಾಧಿಕಾರಿಗೆ ಸಣ್ಣ ಸಣ್ಣ ಪ್ರಶ್ನೆ ಕೇಳಿದೆ. ಅಂಗಡಿಯಲ್ಲಿ ಪುಸ್ತಕ ಇತ್ತಾ? ಇತ್ತು. ನೋಡಿದಿರಾ? ನೋಡಿದೆ. ಅಮಾನತು ಮಾಡಿದಿರಾ? ಇಲ್ಲ. ಪ್ರತಿ ತೆಗೆದುಕೊಂಡಿರಾ? ಇಲ್ಲ. ರಸೀದಿಯ ಅರ್ಧ ಪ್ರತಿ? ಇಲ್ಲ. ಇಷ್ಟಕ್ಕೇ ನಿಲ್ಲಿಸಿದೆ. "ಯಾಕೆ ಮಾಡಲಿಲ್ಲ?" ಅಂತ ಕೇಳಿದ್ದರೆ ಅವರಿಗೆ ವಿವರಣೆ ಕೊಡಲು ದಾರಿ ಸಿಗುತ್ತಿತ್ತು. ಅಂಗಡಿಯವನು ಆರೋಪಿಯನ್ನು ತೋರಿಸಿ "ಇವನೇ ಇರಬೇಕು, ತುಂಬಾ ಜನ ಬರ್ತಾರೆ" ಅಂದ. ಕಳ್ಳಮಾಲು ಇಟ್ಟುಕೊಂಡ ಆರೋಪ ತನ್ನ ಮೇಲೂ ಬರಬಹುದಾದ ಮನುಷ್ಯ ಅವನು. ಅವನ ಮಾತನ್ನು ಬೇರೆ ಆಧಾರ ಇಲ್ಲದೆ ಒಪ್ಪುವಾಗ ಕೋರ್ಟು ಎಚ್ಚರ ವಹಿಸುತ್ತದೆ.

ಸರದ ವಿಷಯ ಇನ್ನೂ ಸ್ಪಷ್ಟ. ಕೋರ್ಟಿನಲ್ಲಿ ಮುದ್ದೆಮಾಲು ಬಿಚ್ಚಿ ತೋರಿಸಿದಾಗ ಅದು ಮಾರುಕಟ್ಟೆಯಲ್ಲಿ ಎಲ್ಲೆಡೆ ಸಿಗುವ ಮೆಷಿನ್ ಕಟಿಂಗ್ ಸರದ ತುಂಡು. ತಾಳಿ ಇಲ್ಲ, ಗುರುತಿನ ಮಣಿ ಇಲ್ಲ. ಖರೀದಿ ಬಿಲ್ಲು ಹಾಜರು ಮಾಡಿರಲಿಲ್ಲ. ಆದರೆ ದೂರಿನಲ್ಲೇ ಇತ್ತಲ್ಲ, ಒಂದು ತುಂಡು ಆಕೆಯ ಕೈಯಲ್ಲೇ ಉಳಿದಿತ್ತು! ಅದನ್ನು ಅವತ್ತೇ ಅಮಾನತು ಮಾಡಿ, ಆಮೇಲೆ ಸಿಕ್ಕ ತುಂಡಿನ ಜೊತೆ ಇಟ್ಟು, ಎರಡರ ಕೊಂಡಿ, ಮುರಿದ ತುದಿ, ಚಿನ್ನದ ಶುದ್ಧತೆ ಹೋಲಿಸಿದ್ದರೆ ನಾನು ಹೇಳಲು ಏನೂ ಉಳಿಯುತ್ತಿರಲಿಲ್ಲ. ಯಾರೂ ಅದನ್ನು ಕೇಳಿರಲೇ ಇಲ್ಲ. "ಆ ತುಂಡು ಎಲ್ಲಿದೆ ಅಮ್ಮಾ?" ಅಂದೆ. "ಮನೇಲೇ ಇತ್ತು, ಆಮೇಲೆ ಕರಗಿಸಿ ಮಗಳಿಗೆ ಓಲೆ ಮಾಡಿಸಿದೆ" ಅಂದರು.

ಕೊನೆಗೆ ಗುರುತು. ಕತ್ತಲು, ಹೆಲ್ಮೆಟ್ ಹಾಕಿದ ಸವಾರ, ಹಿಂದೆ ಕೂತವನನ್ನು ಕಂಡದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮೊದಲು ಪರಿಚಯ ಇಲ್ಲದವನನ್ನು ಹೀಗೆ ಕಂಡಾಗ, ಬಂಧನ ಆದ ಕೂಡಲೇ ತಹಶೀಲ್ದಾರ್ ಅಥವಾ ಮ್ಯಾಜಿಸ್ಟ್ರೇಟ್ ಎದುರು ಅವನನ್ನು ಅವನಂತೆಯೇ ಕಾಣುವ ಬೇರೆಯವರ ಸಾಲಿನಲ್ಲಿ ನಿಲ್ಲಿಸಿ ಗುರುತು ಹಿಡಿಸುವ ಪರೇಡ್ ನಡೆಸುತ್ತಾರೆ. ಕೋರ್ಟಿನಲ್ಲಿ ತೋರಿಸುವುದೇ ಮುಖ್ಯ ಸಾಕ್ಷ್ಯ, ಪರೇಡ್ ಅದಕ್ಕೆ ಆಸರೆ ಅಷ್ಟೇ. ಆದರೆ ಆ ಆಸರೆ ಇಲ್ಲದೆ, ವರ್ಷಗಳಾದ ಮೇಲೆ ಕಟಕಟೆಯಲ್ಲಿ ಒಬ್ಬನೇ ನಿಂತವನನ್ನು ಇವನೇ ಅಂದರೆ ಅದಕ್ಕೆ ತೂಕ ಕಡಿಮೆ. ನಾನು ಆಕೆಯನ್ನು ಸುಳ್ಳು ಹೇಳುತ್ತಿದ್ದೀರಿ ಅಂತ ಕೆಣಕಲಿಲ್ಲ. "ಇವರನ್ನು ಕೋರ್ಟಿಗೆ ಬರುವ ಮೊದಲು ಎಲ್ಲಾದರೂ ನೋಡಿದ್ರಾ ಅಮ್ಮಾ?" ಅಂದೆ. "ಹೂಂ, ಸ್ಟೇಷನ್‌ಗೆ ಕರೆಸಿ ಇವರೇ ಸರ ಕಿತ್ತವರು ಅಂತ ತೋರಿಸಿದ್ರು." ಆಕೆ ಪ್ರಾಮಾಣಿಕವಾಗಿಯೇ ಉತ್ತರಿಸಿದರು. ಆ ದಿನ ಬೈಕಿನಲ್ಲಿ ಕಂಡ ಮುಖ ಮತ್ತು ಸ್ಟೇಷನ್‌ನಲ್ಲಿ ತೋರಿಸಿದ ಮುಖ, ಎರಡರಲ್ಲಿ ಯಾವುದು ಅವರ ನೆನಪಿನಲ್ಲಿದೆ ಅಂತ ಇನ್ನು ಯಾರಿಗೂ ಬೇರ್ಪಡಿಸಲು ಬರುವುದಿಲ್ಲ.

ಸರ್ಕಾರಿ ಅಭಿಯೋಜಕರು ಸಾಕ್ಷ್ಯ ಕಾಯ್ದೆಯ ಕಲಂ 114ರ ಉದಾಹರಣೆ (ಎ) ಹಿಡಿದು ವಾದಿಸಿದರು. ಕಳವಾದ ಸ್ವಲ್ಪದರಲ್ಲೇ ಮಾಲು ಯಾರ ಹತ್ತಿರ ಸಿಗುತ್ತದೋ ಅವನು ವಿವರಣೆ ಕೊಡದಿದ್ದರೆ ಕಳ್ಳನೋ ಕಳ್ಳಮಾಲು ಅಂತ ಗೊತ್ತಿದ್ದೇ ಪಡೆದವನೋ ಅಂತ ಕೋರ್ಟು ಊಹಿಸಬಹುದು. ಒಳ್ಳೆಯ ವಾದವೇ. ಆದರೆ ಆ ಊಹೆಗೆ ಮೊದಲು ಮಾಲು ಅದೇ ಅನ್ನುವುದು, ಅದು ಆರೋಪಿಯ ವಶದಲ್ಲಿತ್ತು ಅನ್ನುವುದು ಸಾಬೀತಾಗಿರಬೇಕು. ಅಷ್ಟಾದ ಮೇಲಷ್ಟೇ ಆರೋಪಿ ಬಾಯಿ ಬಿಡಬೇಕಾಗುತ್ತದೆ, ಅವನ ವಿವರಣೆಯೂ ಸಂದೇಹಾತೀತ ಆಗಿರಬೇಕಾಗಿಲ್ಲ, ಇರಬಹುದು ಅನ್ನಿಸಿದರೆ ಸಾಕು.

ತೀರ್ಪಿನಲ್ಲಿ ನನ್ನ ಎಲ್ಲ ಮಾತೂ ನಡೆಯಲಿಲ್ಲ. ದೂರು ಕೊಡಲು ಮೂರು ನಾಲ್ಕು ಗಂಟೆ ತಡವಾಯಿತು ಅಂದಿದ್ದೆ. ಆಸ್ಪತ್ರೆಗೆ ಹೋಗಿದ್ದರಿಂದ ತಡ ಸಹಜ ಅಂತ ನ್ಯಾಯಾಧೀಶರು ತಳ್ಳಿದರು. ಬೈಕಿನ ಬಣ್ಣದ ಬಗ್ಗೆ ಸಾಕ್ಷಿಗಳ ಮಾತಿನ ವ್ಯತ್ಯಾಸವನ್ನೂ ತಳ್ಳಿದರು. ಇವು ಅನುಮಾನವೇ, ಆದರೆ ಕೇಸಿನ ಬೇರಿಗೆ ತಾಗುವಂಥವಲ್ಲ. 1973ರ ಶಿವಾಜಿ ಸಾಹೇಬರಾವ್ ಬೋಬಡೆ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ ಎಚ್ಚರಿಕೆ ಕೊಟ್ಟಿತ್ತು: ಸಣ್ಣಪುಟ್ಟ ಅನುಮಾನವನ್ನೆಲ್ಲ ದೊಡ್ಡದು ಮಾಡಿದರೆ ತಪ್ಪಿತಸ್ಥರು ತಪ್ಪಿಸಿಕೊಳ್ಳುತ್ತಾರೆ. ಮಾಡಿರಬಹುದು ಅನ್ನುವುದಕ್ಕೂ ಮಾಡಿಯೇ ಇದ್ದಾನೆ ಅನ್ನುವುದಕ್ಕೂ ನಡುವೆ ದೂರ ಜಾಸ್ತಿ ಅಂತಲೂ ಅದೇ ತೀರ್ಪು ಹೇಳಿತು. ನಮ್ಮ ನ್ಯಾಯಾಧೀಶರಿಗೆ ಆ ದೂರ ದಾಟಿಸಲು ಪುಸ್ತಕ ಇರಲಿಲ್ಲ, ಇನ್ನೊಂದು ತುಂಡು ಇರಲಿಲ್ಲ, ಪರೇಡ್ ಇರಲಿಲ್ಲ. ಅನುಮಾನದ ಲಾಭ ಕೊಟ್ಟು ಬಿಡುಗಡೆ ಮಾಡಿದರು.

ಸರದ ತುಂಡು ವಿಚಾರಣೆಯ ಕಾಲದಲ್ಲೇ ಬಾಂಡ್ ಬರೆಸಿಕೊಂಡು ಆಕೆಯ ಮಧ್ಯಂತರ ವಶಕ್ಕೆ ಹೋಗಿತ್ತು. ನನ್ನ ಕಕ್ಷಿದಾರ ಅದು ತನ್ನದು ಅನ್ನಲಿಲ್ಲ, ಬೇರೆ ಯಾರೂ ಕೇಳಿ ಬರಲಿಲ್ಲ. ಹಾಗಾಗಿ ಮೇಲ್ಮನವಿಯ ಅವಧಿ ಮುಗಿದ ಮೇಲೆ ಆ ಆದೇಶವೇ ಖಾಯಂ ಆಗಲಿ ಅಂತ ತೀರ್ಪಿನ ಕೊನೆಯಲ್ಲಿ ಬರೆದರು. ಮೇಲ್ಮನವಿ ಹಾಕುವ ಹಕ್ಕು ಆಕೆಗೂ ಇತ್ತು, 2009ರ ತಿದ್ದುಪಡಿಯಿಂದ ಅದು ಸಂತ್ರಸ್ತರಿಗೆ ಸಿಕ್ಕಿದೆ. ಆದರೆ ಅಲ್ಲಿ ದಾರಿ ಇನ್ನೂ ಕಡಿದು. ನಮ್ಮ ರಾಜ್ಯದಿಂದಲೇ ಹೋದ ಚಂದ್ರಪ್ಪ ಕೇಸಿನಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಖುಲಾಸೆಯಾದವನಿಗೆ ನಿರಪರಾಧಿ ಎಂಬ ಭಾವನೆ ಎರಡು ಪಟ್ಟು ಗಟ್ಟಿಯಾಗಿರುತ್ತದೆ. ಎರಡು ರೀತಿಯ ತೀರ್ಮಾನಕ್ಕೂ ಅವಕಾಶ ಇದ್ದಾಗ ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ಬಿಡುಗಡೆಯನ್ನು ಕೆಡಿಸುವುದಿಲ್ಲ. ಈ ಕೇಸಿನಲ್ಲಿ ಯಾರೂ ಮೇಲ್ಮನವಿ ಹಾಕಲಿಲ್ಲ.