ವೆಬ್‌ಸೈಟಿನ ವಾರ್ಷಿಕ ಖರ್ಚು: ನವೀಕರಣ ದರ ಹಿಡಿದು ಲೆಕ್ಕ ಹಾಕುವುದು ಹೇಗೆ?

ವೆಬ್‌ಸೈಟ್ ಆರಂಭಿಸುವಾಗ ಕೈಗೆ ಬರುವ ಮೊದಲ ಬಿಲ್ಲನ್ನು ನೋಡಿ ಮುಂದಿನ ವರ್ಷಗಳ ಖರ್ಚನ್ನು ಅಂದಾಜು ಮಾಡಲಾಗದು. ಡೊಮೇನ್, ಹೋಸ್ಟಿಂಗ್ ಮತ್ತು ಪ್ಲಗಿನ್‌ಗಳನ್ನು ಮಾರುವವರು ಸಾಮಾನ್ಯವಾಗಿ ಮೊದಲ ಅವಧಿಗೆ ರಿಯಾಯಿತಿ ಕೊಟ್ಟು, ಎರಡನೆಯ ಅವಧಿಯಿಂದ ಪೂರ್ಣ ದರವನ್ನು ವಸೂಲು ಮಾಡುತ್ತಾರೆ. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದದ್ದು ಖರೀದಿಯ ದರವನ್ನಲ್ಲ, ನವೀಕರಣದ ದರವನ್ನು. ಇದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ. ಒಂದು ಸಣ್ಣ ಚಿತ್ರಕಲಾ ಶಾಲೆಯು ವರ್ಡ್‌ಪ್ರೆಸ್‌ನಲ್ಲಿ ತನ್ನ ತಾಣವನ್ನು ಕಟ್ಟಿಕೊಂಡು, ತರಗತಿಗಳ ನೋಂದಣಿಯನ್ನೂ ಶುಲ್ಕವನ್ನೂ ಅದರಲ್ಲೇ ಸ್ವೀಕರಿಸುತ್ತಿದೆ ಎಂದುಕೊಳ್ಳಿ. ಡೊಮೇನ್‌ಗೆ 3 ಡಾಲರ್, ಮೂರು ವರ್ಷಕ್ಕೆಂದು ಒಟ್ಟಿಗೆ ಕಟ್ಟಿದ ಹೋಸ್ಟಿಂಗ್‌ಗೆ ವರ್ಷಕ್ಕೆ 36 ಡಾಲರ್‌ನಂತೆ 108 ಡಾಲರ್, ಅರ್ಜಿ ನಮೂನೆಯ ಪ್ಲಗಿನ್‌ಗೆ 49 ಮತ್ತು ತರಗತಿ ಕಾಯ್ದಿರಿಸುವ ಪ್ಲಗಿನ್‌ಗೆ 35 ಡಾಲರ್ ಕೊಟ್ಟಿರುವ ಶಾಲೆಯವರು, ತಮ್ಮ ತಾಣದ ವಾರ್ಷಿಕ ಖರ್ಚು 123 ಡಾಲರ್ ಎಂದು ನಂಬಿದ್ದಾರೆ.

ಮೊದಲಿಗೆ ಡೊಮೇನ್. ಹೆಸರನ್ನು ನಿಮಗೆ ಮಾರಿದ ಕಂಪನಿಯಾದ ರಿಜಿಸ್ಟ್ರಾರ್‌ನ ಖಾತೆಗೆ ಹೋಗಿ ಬಿಲ್ಲಿಂಗ್ ಪುಟದಲ್ಲಿ ಮುಂದಿನ ನವೀಕರಣದ ಮೊತ್ತವನ್ನು ಓದಿಕೊಳ್ಳಿ. .com ಹೆಸರುಗಳಿಗೆ ರಿಜಿಸ್ಟ್ರಾರ್‌ಗಳು ಆ ಹೆಸರುಗಳ ಮೂಲ ಪಟ್ಟಿಯನ್ನು, ಅಂದರೆ ರಿಜಿಸ್ಟ್ರಿಯನ್ನು, ನಡೆಸುವ ವೆರಿಸೈನ್ ಸಂಸ್ಥೆಗೆ ಕೊಡಬೇಕಾದ ಸಗಟು ದರವೇ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಏರಿತು. ಆದ್ದರಿಂದ ಅದಕ್ಕಿಂತ ಬಹಳ ಕಡಿಮೆ ದರಕ್ಕೆ ಹೆಸರು ಸಿಕ್ಕಿದ್ದರೆ ಅದು ಮೊದಲ ವರ್ಷದ ಆಕರ್ಷಣೆ ಮಾತ್ರ ಎಂದು ತಿಳಿಯಬಹುದು. ನಮ್ಮ ಶಾಲೆಯ ನವೀಕರಣ ದರ 18 ಡಾಲರ್ ಎಂದಿಟ್ಟುಕೊಳ್ಳೋಣ.

ಡೊಮೇನ್‌ನ ಅವಧಿ ಮೀರಿದರೆ ಆಗುವ ಖರ್ಚನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. .com ರೀತಿಯ ಹೆಸರುಗಳಲ್ಲಿ ಅವಧಿ ಮುಗಿದ ಬಳಿಕ ಗರಿಷ್ಠ 45 ದಿನಗಳವರೆಗೆ ಮಾಮೂಲಿ ದರದಲ್ಲೇ ನವೀಕರಿಸಿಕೊಳ್ಳಲು ರಿಜಿಸ್ಟ್ರಾರ್ ಅವಕಾಶ ಕೊಡಬಹುದು, ಆದರೆ ಅಷ್ಟು ದಿನ ಕೊಡಲೇಬೇಕೆಂದಿಲ್ಲ. ಹೆಸರನ್ನು ಅಳಿಸಿದ ನಂತರದ 30 ದಿನಗಳಲ್ಲಿ ಅದನ್ನು ಮರಳಿ ಪಡೆಯಬೇಕಾದರೆ ನವೀಕರಣ ದರದ ಹಲವು ಪಟ್ಟು ಮರುಸ್ಥಾಪನಾ ಶುಲ್ಕ ಬೀಳುತ್ತದೆ. ಇಲ್ಲಿ ಎಚ್ಚರದಿಂದ ನೋಡಬೇಕಾದ ಒಂದು ಸಂಗತಿಯಿದೆ. ಅವಧಿ ಮುಗಿದ ದಿನವೇ ರಿಜಿಸ್ಟ್ರಿಯು ಹೆಸರನ್ನು ತಾನಾಗಿ ಒಂದು ವರ್ಷ ಮುಂದೂಡುವುದರಿಂದ, ಡೊಮೇನ್‌ನ ಸಾರ್ವಜನಿಕ ದಾಖಲೆಯನ್ನು ತೋರಿಸುವ ಹೂಈಸ್ ಹುಡುಕಾಟದಲ್ಲಿ `Registry Expiry Date` ಎಂಬ ಸಾಲು ಮುಂದಿನ ವರ್ಷದ ದಿನಾಂಕವನ್ನು ತೋರಿಸುತ್ತದೆ. ನೀವು ಹಣ ಕಟ್ಟದಿದ್ದರೂ ಅದು ಹಾಗೆಯೇ ಕಾಣುವುದರಿಂದ, ಆ ಸಾಲನ್ನು ನೋಡಿ ನಿಶ್ಚಿಂತರಾಗದೆ, ರಿಜಿಸ್ಟ್ರಾರ್‌ನ ಖಾತೆಯಲ್ಲಿ ಹಣ ಸಂದಾಯವಾದ ರಸೀದಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಎರಡನೆಯದು ಹೋಸ್ಟಿಂಗ್. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ತಿಂಗಳ ದರವು ಹೆಚ್ಚಾಗಿ ಮೂರು ವರ್ಷದ ಹಣವನ್ನು ಮುಂಗಡವಾಗಿ ಕಟ್ಟಿದವರಿಗೆ ಮಾತ್ರ ಅನ್ವಯಿಸುತ್ತದೆ. ನವೀಕರಣ ದರವನ್ನು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಶಾಲೆಯ ಹೋಸ್ಟಿಂಗ್ ತಿಂಗಳಿಗೆ 3 ಡಾಲರ್‌ನಿಂದ 10 ಡಾಲರ್‌ಗೆ ಏರುವುದಾದರೆ ವರ್ಷದ ಪಾಲು 120 ಡಾಲರ್ ಆಗುತ್ತದೆ. ಆದರೆ ಬಿಲ್ಲು ಬರುವುದು ವರ್ಷಕ್ಕೆ 120ರಂತೆ ಅಲ್ಲ, ನಾಲ್ಕನೆಯ ವರ್ಷದ ಆರಂಭದಲ್ಲಿ ಒಂದೇ ಸಲಕ್ಕೆ 360 ಡಾಲರ್. ಈ ಕಾರಣದಿಂದ ಲೆಕ್ಕದ ಹಾಳೆಯಲ್ಲಿ ಎರಡು ಕಾಲಂ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಒಂದರಲ್ಲಿ ವರ್ಷಕ್ಕೆ ಹಂಚಿದ ಖರ್ಚು, ಇನ್ನೊಂದರಲ್ಲಿ ಆ ವರ್ಷ ನಿಜವಾಗಿ ಕೈಯಿಂದ ಹೋಗುವ ಹಣ. ಮೊದಲ ಕಾಲಂ ಇಲ್ಲದಿದ್ದರೆ ಎರಡು ಕಂಪನಿಗಳನ್ನು ಹೋಲಿಸಲಾಗದು, ಎರಡನೆಯದು ಇಲ್ಲದಿದ್ದರೆ ನಾಲ್ಕನೆಯ ವರ್ಷದಲ್ಲಿ ಹಣ ಹೊಂದಿಸಲಾಗದು.

ಹೋಸ್ಟಿಂಗ್ ಜೊತೆಗೆ ಮೊದಲ ವರ್ಷ ಉಚಿತವಾಗಿ ಬಂದವುಗಳನ್ನೂ ಇದೇ ಹೊತ್ತಿಗೆ ಪರಿಶೀಲಿಸಿ. ಶಾಲೆಯ ಮೂರು ಇಮೇಲ್ ಖಾತೆಗಳು ಎರಡನೆಯ ವರ್ಷದಿಂದ ತಲಾ ತಿಂಗಳಿಗೆ 2 ಡಾಲರ್‌ನಂತೆ ವರ್ಷಕ್ಕೆ 72 ಡಾಲರ್ ಕೇಳುತ್ತವೆ. ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬಿಲ್ಲು ಬಂದರೆ ಕೂಡಲೇ ಕಟ್ಟಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರವನ್ನು ನಿಮ್ಮ ಹೋಸ್ಟಿಂಗ್ ಸ್ವೀಕರಿಸುತ್ತದೆಯೇ ಎಂದು ಮೊದಲು ಕೇಳಿ. ಇಂಥ ಸಣ್ಣ ತಾಣಕ್ಕೆ ಅದು ಸಾಕು.

ಮೂರನೆಯದಾಗಿ ಪ್ಲಗಿನ್‌ಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಪರವಾನಗಿ ಮುಗಿದರೆ ಏನಾಗುತ್ತದೆ ಎಂದು ಬರೆಯಿರಿ. ಕೆಲಸವೆಲ್ಲ ನಿಮ್ಮ ಸರ್ವರ್‌ನಲ್ಲೇ ನಡೆಯುವ ಪ್ಲಗಿನ್ ಸಾಮಾನ್ಯವಾಗಿ ಹಣ ಕಟ್ಟದಿದ್ದರೂ ಚಾಲ್ತಿಯಲ್ಲಿರುತ್ತದೆ, ಆದರೆ ಸುರಕ್ಷತಾ ತಿದ್ದುಪಡಿಗಳು ಸೇರಿದಂತೆ ಹೊಸ ಆವೃತ್ತಿಗಳು ಬರುವುದು ನಿಲ್ಲುತ್ತದೆ. ಮಾರಿದವರ ಸರ್ವರ್ ಅನ್ನು ಅವಲಂಬಿಸಿದ ಪ್ಲಗಿನ್ ಆದರೆ ಸೇವೆಯೇ ನಿಂತುಹೋಗುತ್ತದೆ. ಜನರಿಂದ ಅರ್ಜಿ, ಹೆಸರು, ಶುಲ್ಕ ಪಡೆಯುವ ಪ್ಲಗಿನ್ ವಿಷಯದಲ್ಲಿ ಹೊಸ ಆವೃತ್ತಿಯಿಲ್ಲದೆ ದಿನ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಹಣ ಕಟ್ಟಿ, ಇಲ್ಲವೇ ಅದನ್ನು ತೆಗೆದು ಬೇರೊಂದನ್ನು ಹಾಕಿ. ಪರವಾನಗಿ ಎಷ್ಟು ತಾಣಗಳಿಗೆ ಎಂಬುದನ್ನೂ ನೋಡಿ, ಏಕೆಂದರೆ ಬದಲಾವಣೆಗಳನ್ನು ಪರೀಕ್ಷಿಸಲು ಇಟ್ಟುಕೊಂಡ ನಕಲು ತಾಣವನ್ನು ಕೆಲವರು ಎರಡನೆಯ ತಾಣವೆಂದೇ ಎಣಿಸುತ್ತಾರೆ. ನಮ್ಮ ಶಾಲೆಯ ಎರಡು ಪ್ಲಗಿನ್‌ಗಳು ರಿಯಾಯಿತಿ ಕಳೆದುಕೊಂಡು 99 ಮತ್ತು 70, ಒಟ್ಟು 169 ಡಾಲರ್ ಆಗುತ್ತವೆ.

ಈಗ ಕೂಡಿಸಿದರೆ 18, 120, 72 ಮತ್ತು 169 ಸೇರಿ 379 ಡಾಲರ್. ಇದರ ಮೇಲೆ ತೆರಿಗೆ ಬೀಳುತ್ತದೆ, ಬಿಲ್ಲು ವಿದೇಶಿ ಕರೆನ್ಸಿಯಲ್ಲಿದ್ದರೆ ಬ್ಯಾಂಕಿನ ವಿನಿಮಯ ಶುಲ್ಕವೂ ಸೇರುತ್ತದೆ. ಇವೆರಡೂ ದರದ ಪಟ್ಟಿಯಲ್ಲಿ ಕಾಣುವುದಿಲ್ಲ. ಹಳೆಯ ರಸೀದಿಯನ್ನೂ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ನಿಮ್ಮ ನಿಜವಾದ ಶೇಕಡಾವಾರು ಸಿಗುತ್ತದೆ. ಎರಡೂ ಸೇರಿ ಶೇ 12 ಎಂದುಕೊಂಡರೆ ಮೊತ್ತ ಸುಮಾರು 425 ಡಾಲರ್.

ಉಳಿದದ್ದು ಪೇಮೆಂಟ್ ಗೇಟ್‌ವೇ. ಇದಕ್ಕೆ ವಾರ್ಷಿಕ ಬಿಲ್ಲು ಬರದೆ, ಪ್ರತಿ ಪಾವತಿಯಲ್ಲೂ ಅಷ್ಟಷ್ಟು ಮುರಿದುಕೊಂಡೇ ಹಣ ಜಮೆಯಾಗುವುದರಿಂದ ಇದು ಖರ್ಚೆಂದೇ ಅನ್ನಿಸುವುದಿಲ್ಲ. ವರ್ಷಕ್ಕೆ 200 ಮಂದಿ ತಲಾ 20 ಡಾಲರ್ ಕಟ್ಟುತ್ತಾರೆ, ಗೇಟ್‌ವೇ ಪ್ರತಿ ಪಾವತಿಗೆ ಶೇ 3ರ ಜೊತೆಗೆ 30 ಸೆಂಟ್ ಹಿಡಿಯುತ್ತದೆ ಎಂದಾದರೆ, 4,000 ಡಾಲರ್ ಮೇಲೆ 120, ಅದಕ್ಕೆ 200 ಪಾವತಿಗಳ 60 ಸೇರಿ 180 ಡಾಲರ್ ಹೋಗುತ್ತದೆ. ಇದು ಹೋಸ್ಟಿಂಗ್‌ಗಿಂತಲೂ ಹೆಚ್ಚು. ಅದೇ 20 ಡಾಲರನ್ನು ನಾಲ್ಕು ಕಂತುಗಳಲ್ಲಿ ಪಡೆದರೆ ಸೆಂಟ್‌ಗಳ ಭಾಗವೇ 60ರಿಂದ 240 ಡಾಲರ್‌ಗೆ ಏರುತ್ತದೆ, ಆದ್ದರಿಂದ ಶುಲ್ಕವನ್ನು ಒಂದೇ ಸಲ ಪಡೆಯುವುದು ಇಲ್ಲಿ ಉಳಿತಾಯದ ನೇರ ದಾರಿ. ಒಟ್ಟಾರೆ ವರ್ಷದ ಖರ್ಚು 605 ಡಾಲರ್, ಅಂದರೆ ಮೊದಲು ಅಂದುಕೊಂಡದ್ದರ ಸುಮಾರು ಐದು ಪಟ್ಟು. ಮೂರು ವರ್ಷದ ಹೋಸ್ಟಿಂಗ್ ಒಟ್ಟಿಗೆ ಕಟ್ಟಬೇಕಾದ ನಾಲ್ಕನೆಯ ವರ್ಷದಲ್ಲಿ, ಹೆಚ್ಚುವರಿ 240 ಡಾಲರ್ ಮತ್ತು ಅದರ ತೆರಿಗೆ ಹಾಗೂ ವಿನಿಮಯ ಶುಲ್ಕ ಸೇರಿ, ಸುಮಾರು 874 ಡಾಲರ್ ಕೈಯಲ್ಲಿರಬೇಕು.

ಹಾಳೆ ಸಿದ್ಧವಾದ ಮೇಲೆ ಪ್ರತಿ ನವೀಕರಣದ ದಿನಕ್ಕೆ 45 ದಿನ ಮೊದಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿ; ದರ ಹೋಲಿಸಿ ಬೇರೆಡೆಗೆ ಹೋಗುವುದಾದರೆ ಅಷ್ಟು ಕಾಲಾವಕಾಶ ಬೇಕು. ತಾನಾಗಿ ಹಣ ಕಡಿತವಾಗುವ ಕಾರ್ಡಿನ ಅವಧಿ ಅದಕ್ಕೂ ಮುಂಚೆ ಮುಗಿಯುತ್ತದೆಯೇ ಎಂದು ನೋಡಿ. ಹಾಗೆಯೇ, ರಿಜಿಸ್ಟ್ರಾರ್‌ಗೆ ಕೊಟ್ಟಿರುವ ಇಮೇಲ್ ವಿಳಾಸ ಅದೇ ಡೊಮೇನ್‌ನದ್ದಾಗಿದ್ದರೆ ಇಂದೇ ಬದಲಿಸಿ, ಏಕೆಂದರೆ ಡೊಮೇನ್ ನಿಂತರೆ ಆ ಇಮೇಲೂ ನಿಲ್ಲುತ್ತದೆ, ಅವಧಿ ಮುಗಿದ ನಂತರ ಬರುವ ಕೊನೆಯ ಎಚ್ಚರಿಕೆ ನಿಮ್ಮ ಕೈಗೆ ಸೇರುವುದೇ ಇಲ್ಲ.