ಮರವನ್ನು ಅರೇ ಆಗಿ ಹಾಸಿದ್ದು

ಆ ಪ್ರೋಗ್ರಾಮಿಂಗ್ ಲೆಕ್ಕ ಓದುವಾಗ ಸುಲಭವಾಗಿಯೇ ಕಂಡಿತ್ತು. 2 ಲಕ್ಷ ನೋಡ್‌ಗಳ ಒಂದು ಟ್ರೀ, 1ನೇ ನೋಡ್ ರೂಟ್, ಪ್ರತಿ ನೋಡ್‌ಗೂ ಒಂದು ಬೆಲೆ. ಕ್ವೆರಿ ಎರಡೇ ಬಗೆ: ಒಂದು ನೋಡ್‌ನ ಬೆಲೆ ಬದಲಿಸು, ಇಲ್ಲವೇ ಒಂದು ನೋಡ್‌ನ ಸಬ್‌ಟ್ರೀಯಲ್ಲಿರುವ ಬೆಲೆಗಳೆಲ್ಲ ಕೂಡಿದರೆ ಎಷ್ಟು ಹೇಳು. ಇಂಥ ಕ್ವೆರಿಗಳೂ 2 ಲಕ್ಷ.

ಮೊದಲು ಬರೆದದ್ದು ಯಾರಾದರೂ ಬರೆಯುವಂಥದ್ದೇ. ಮೊತ್ತ ಕೇಳಿದಾಗಲೆಲ್ಲ ಆ ನೋಡ್‌ನಿಂದ ಕೆಳಗಿಳಿದು ಎಲ್ಲವನ್ನೂ ಕೂಡಿಕೊಂಡು ಬಂದೆ. ಟ್ರೀ ಒಂದೇ ಸರಪಳಿಯಂತಿದ್ದು, ಪ್ರತಿ ಸಲವೂ ರೂಟ್‌ನದೇ ಮೊತ್ತ ಕೇಳಿದರೆ 4,000 ಕೋಟಿ ಹೆಜ್ಜೆ. ಟೈಮ್ ಲಿಮಿಟ್ ಮೀರಿತು. ಆಮೇಲೆ ಜಾಣತನ ಮಾಡಿದೆ: ಪ್ರತಿ ನೋಡ್‌ನಲ್ಲೂ ಅದರ ಸಬ್‌ಟ್ರೀ ಮೊತ್ತವನ್ನು ಮೊದಲೇ ಬರೆದಿಟ್ಟು, ಬೆಲೆ ಬದಲಾದಾಗ ಅಲ್ಲಿಂದ ರೂಟ್‌ವರೆಗೆ ಹತ್ತುತ್ತಾ ದಾರಿಯಲ್ಲಿ ಸಿಕ್ಕ ಎಲ್ಲದರ ಮೊತ್ತ ತಿದ್ದಿದೆ. ಉತ್ತರ ಈಗ ಒಂದೇ ಹೆಜ್ಜೆಗೆ ಸಿಗುತ್ತಿತ್ತು, ಆದರೆ ಸರಪಳಿಯ ತುದಿಯಲ್ಲಿ ಬೆಲೆ ಬದಲಿಸಿದರೆ 2 ಲಕ್ಷ ಮೆಟ್ಟಿಲು ಹತ್ತಬೇಕು. ಭಾರ ಒಂದು ಹೆಗಲಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೇ. (ಟ್ರೀಯ ಆಳ ಹತ್ತಿಪ್ಪತ್ತು ಮಟ್ಟ ಮೀರುವುದಿಲ್ಲ ಎಂದು ಗೊತ್ತಿದ್ದರೆ ನಾನು ಈಗಲೂ ಇದನ್ನೇ ಬರೆಯುತ್ತೇನೆ. ಮುಂದೆ ಹೇಳುವುದರ ಅಗತ್ಯವೇ ಅಲ್ಲಿಲ್ಲ.)

ಎರಡೂ ಕೈಕೊಟ್ಟ ಮೇಲೆ ಕಾಗದದ ಮೇಲೆ ಒಂದು ಸಣ್ಣ ಟ್ರೀ ಬರೆದುಕೊಂಡು ಕೂತೆ. 1ರ ಮಕ್ಕಳು 4 ಮತ್ತು 2. 4ರ ಮಕ್ಕಳು 7 ಮತ್ತು 3. 7ಕ್ಕೆ 5 ಒಂದೇ ಮಗು, 2ಕ್ಕೆ 6 ಒಂದೇ ಮಗು. 1ರಿಂದ 7ರವರೆಗೆ ಬೆಲೆಗಳು ಕ್ರಮವಾಗಿ 3, 5, 2, 6, 1, 4, 8. ಇದನ್ನು ಆಳ-ಮೊದಲು ಸುತ್ತುತ್ತಾ, ಒಂದೊಂದು ನೋಡ್‌ಗೆ ಮೊದಲ ಸಲ ಕಾಲಿಟ್ಟಾಗ ಅದರ ಹೆಸರನ್ನು ಸಾಲಾಗಿ ಬರೆದೆ: 1, 4, 7, 5, 3, 2, 6.

ಸಾಲಿನಲ್ಲಿ 4ರಿಂದ ಶುರುಮಾಡಿ ನಾಲ್ಕನ್ನು ಎಣಿಸಿ: 4, 7, 5, 3. ಅದು 4ರ ಸಬ್‌ಟ್ರೀ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇದು ಕಾಕತಾಳೀಯವಲ್ಲ. ಆಳ-ಮೊದಲು ಸುತ್ತುವಾಗ 4ರೊಳಗೆ ಹೊಕ್ಕವನು ಅದರ ಕೆಳಗಿನದನ್ನೆಲ್ಲ ಮುಗಿಸದೆ ಹೊರಗೆ ಬರುವುದೇ ಇಲ್ಲ. ಹಾಗಾಗಿ ಹೊಕ್ಕ ಗಳಿಗೆಯಿಂದ ಹೊರಬರುವ ಗಳಿಗೆಯ ನಡುವೆ ಸಾಲಿಗೆ ಸೇರುವ ಹೆಸರುಗಳೆಲ್ಲ 4ರ ಸಂತತಿಯೇ. ಹೊರಗಿನ ಒಂದು ನೋಡ್ ಮಧ್ಯೆ ನುಸುಳಲು ಜಾಗವೇ ಇಲ್ಲ. ಮಕ್ಕಳನ್ನು ಯಾವ ಕ್ರಮದಲ್ಲಿ ನೋಡಿದರೂ ಸಾಲು ಬೇರೆಯಾದೀತೇ ಹೊರತು ಈ ಗುಣ ಕೆಡುವುದಿಲ್ಲ.

ನೆನಪಿಡಬೇಕಾದ್ದು ಪ್ರತಿ ನೋಡ್‌ಗೆ ಎರಡೇ ಸಂಖ್ಯೆ: ಸಾಲಿನಲ್ಲಿ ಸೊನ್ನೆಯಿಂದ ಎಣಿಸಿದರೆ ಅದರ ಜಾಗ `tin[v]`, ಸಬ್‌ಟ್ರೀಯಲ್ಲಿ ಎಷ್ಟು ನೋಡ್ ಇವೆ ಎಂಬ `size[v]`. `tin[v]` ಜಾಗದಿಂದ `tin[v] + size[v]` ಜಾಗದವರೆಗೆ, ಕೊನೆಯದನ್ನು ಬಿಟ್ಟು, ಅದೇ ಸಬ್‌ಟ್ರೀ. 4ಕ್ಕೆ `tin` 1, `size` 4. ಬೆಲೆಗಳನ್ನು ಈ ಸಾಲಿನಲ್ಲೇ ಇಟ್ಟರೆ ಅರೇ 3, 6, 8, 1, 2, 5, 4 ಆಗುತ್ತದೆ. 1ನೇ ಜಾಗದಿಂದ 4ನೇ ಜಾಗದವರೆಗೆ ಕೂಡಿದರೆ 17.

ಹೆಸರಿನ ಬಗ್ಗೆ ಒಂದು ಮಾತು. ಹೀಗೆ ಟ್ರೀಯನ್ನು ಸಾಲಾಗಿ ಹಾಸುವುದನ್ನು ಆಯ್ಲರ್ ಟೂರ್ ಎಂದೂ ಕರೆಯುತ್ತಾರೆ, ಆದರೆ ನಿಜವಾದ ಆಯ್ಲರ್ ಟೂರ್ ಪ್ರತಿ ಅಂಚಿನ ಮೇಲೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ನಡೆಯುತ್ತದೆ. ನಮ್ಮ 7 ನೋಡ್‌ಗಳ ಟ್ರೀಯಲ್ಲಿ 6 ಅಂಚು, 12 ಹೆಜ್ಜೆ, ಸಾಲಿನಲ್ಲಿ 13 ಹೆಸರು. ಸಬ್‌ಟ್ರೀ ಮೊತ್ತಕ್ಕೆ ಅಷ್ಟೆಲ್ಲ ಬೇಡ, ಮೊದಲ ಭೇಟಿ ಸಾಕು. ಒಮ್ಮೆ ಹೊಕ್ಕಾಗಲೂ ಹೊರಬಂದಾಗಲೂ ಬೆಲೆ ಬರೆಯುವ ಬಗೆಯನ್ನು ಎಲ್ಲಿಂದಲೋ ಎತ್ತಿಕೊಂಡು, ಪ್ರತಿ ಉತ್ತರವೂ ಸರಿಯಾಗಿ ಎರಡರಷ್ಟು ಬಂದು ತಲೆ ಕೆರೆದುಕೊಂಡದ್ದುಂಟು. ಆವತ್ತಿಂದ ಮೊದಲ ಭೇಟಿಯ ಬಗೆಯನ್ನೇ ಹಿಡಿದಿದ್ದೇನೆ.

ಬರೆಯಲು ಕೂತಾಗ ಮೊದಲ ಅಡ್ಡಿ ರಿಕರ್ಷನ್. ಪೈಥಾನ್ ಸಾಮಾನ್ಯವಾಗಿ 1,000 ಆಳಕ್ಕೆ ನಿಲ್ಲಿಸುತ್ತದೆ. ಮಿತಿ ಏರಿಸಿದೆ, ಉದ್ದ ಸರಪಳಿ ಕೊಟ್ಟಾಗ ಪ್ರೋಗ್ರಾಂ ಒಂದು ಮಾತೂ ಆಡದೆ ಸತ್ತಿತು. ಕೊನೆಗೆ ಸ್ಟ್ಯಾಕನ್ನು ನಾನೇ ಇಟ್ಟುಕೊಂಡೆ. `n` ನೋಡ್‌ಗಳ ಸಂಖ್ಯೆ, `adj[v]` ಎಂದರೆ `v`ಗೆ ಅಂಚಿನಿಂದ ಸೇರಿದ ನೋಡ್‌ಗಳ ಪಟ್ಟಿ:

```python
parent = [0] * (n + 1)
tin = [0] * (n + 1)
order, stack = [], [1]
while stack:
    v = stack.pop()
    tin[v] = len(order)
    order.append(v)
    for u in reversed(adj[v]):
        if u != parent[v]:
            parent[u] = v
            stack.append(u)

size = [1] * (n + 1)
for v in reversed(order):
    size[parent[v]] += size[v]
```

ಇದರಲ್ಲಿ ನನಗೆ ಇಷ್ಟವಾದದ್ದು ಕೊನೆಯ ಎರಡು ಸಾಲು. ನೋಡ್‌ನಿಂದ ಹೊರಬಂದ ಗಳಿಗೆಯನ್ನು ಸ್ಟ್ಯಾಕ್‌ನಲ್ಲಿ ಗುರುತಿಡುವುದು ಕಿರಿಕಿರಿಯ ಕೆಲಸ. ಅದರ ಬದಲು ಸಾಲನ್ನು ಹಿಂದಿನಿಂದ ಓದಿದರೆ ಮಕ್ಕಳು ಯಾವಾಗಲೂ ಅಪ್ಪನಿಗಿಂತ ಮೊದಲೇ ಸಿಗುತ್ತಾರೆ, ಲೆಕ್ಕ ತಾನಾಗಿ ಮೇಲಕ್ಕೆ ಸೇರುತ್ತಾ ಹೋಗುತ್ತದೆ. ರೂಟ್‌ನ ಲೆಕ್ಕ `size[0]`ಗೆ ಹೋಗಿ ಬೀಳುತ್ತದೆ. ಅದನ್ನು ಯಾರೂ ನೋಡುವುದಿಲ್ಲ. `reversed(adj[v])` ಇರುವುದು ಕಾಗದದ ಮೇಲಿನ ಸಾಲಿಗೂ ಪ್ರೋಗ್ರಾಂನ ಸಾಲಿಗೂ ತಾಳೆಯಾಗಲಿ ಎಂದು ಮಾತ್ರ.

ಇಷ್ಟಾದ ಮೇಲೆ ಟ್ರೀಯ ಕೆಲಸ ಮುಗಿಯಿತು. ಉಳಿದದ್ದು ಒಂದು ಜಾಗ ತಿದ್ದುವ, ಒಂದು ರೇಂಜ್ ಕೂಡುವ ಹಳೆಯ ಲೆಕ್ಕ. ಅದಕ್ಕೆ ನಾನು ಇವೆರಡನ್ನೂ ಬೇಗ ಮಾಡುವ ಫೆನ್ವಿಕ್ ಟ್ರೀ ಹಾಕಿದೆ. 2 ಲಕ್ಷ ಉದ್ದದ ಅರೇಗೆ ತಿದ್ದುವುದಕ್ಕೆ ಹೆಚ್ಚೆಂದರೆ 18 ಹೆಜ್ಜೆ, ಮೊತ್ತಕ್ಕೆ ಅದರ ಎರಡರಷ್ಟು. 2 ಲಕ್ಷ ಕ್ವೆರಿಗೂ ಸೇರಿ 72 ಲಕ್ಷ ಹೆಜ್ಜೆ ದಾಟುವುದಿಲ್ಲ, ಟ್ರೀಯ ಆಕಾರ ಹೇಗೇ ಇರಲಿ. ಕಾಗದದ ಟ್ರೀಯಲ್ಲಿ 5ರ ಬೆಲೆ 1ರಿಂದ 10 ಆಯಿತು ಅನ್ನಿ: 3ನೇ ಜಾಗಕ್ಕೆ 9 ಸೇರಿಸಿದೆ, 4ರ ಸಬ್‌ಟ್ರೀ ಕೇಳಿದೆ, 26 ಬಂತು.

ಇನ್ನು ನನ್ನ ಒಂದು ಸಂಜೆ ತಿಂದ ತಪ್ಪಿನ ಕತೆ. ಒಂದು ಸರಪಳಿ ಕೊಟ್ಟು ನೋಡಿದೆ: 1ರ ಕೆಳಗೆ 2, ಅದರ ಕೆಳಗೆ 3, ಹೀಗೆ. ಉತ್ತರ ಸರಿ. ಒಂದು ನಕ್ಷತ್ರ ಕೊಟ್ಟೆ: 1ರ ಕೆಳಗೆ 2, 3, 4, 5 ಎಲ್ಲ ನೇರವಾಗಿ. ಅದೂ ಸರಿ. ಕಳಿಸಿದೆ, ತಪ್ಪು ಉತ್ತರ ಎಂದು ಬಂತು. ಫೆನ್ವಿಕ್‌ನ ಕೋಡ್ ಮೇಲೆ ಅನುಮಾನಪಟ್ಟು ಅದನ್ನು ಮೂರು ಸಲ ಬರೆದೆ. ಅಲ್ಲಿ ಏನೂ ಆಗಿರಲಿಲ್ಲ.

ತಪ್ಪು ಇದ್ದದ್ದು ಅರೇ ತುಂಬುವ ಸಾಲಿನಲ್ಲಿ. ಬೆಲೆಯನ್ನು `a[tin[v]]`ಗೆ ಹಾಕುವ ಬದಲು `a[v-1]`ಗೆ ಹಾಕಿದ್ದೆ. ಕೇಳುವಾಗ ಹೊಸ ಸಾಲಿನ ಲೆಕ್ಕದಲ್ಲಿ ಕೇಳುತ್ತಿದ್ದೆ, ತುಂಬಿದ್ದು ಹಳೆಯ ಹೆಸರಿನ ಕ್ರಮದಲ್ಲಿ. ಕಾಗದದ ಟ್ರೀಯಲ್ಲಿ ಹೀಗೆ ಮಾಡಿದರೆ ಅರೇ 3, 5, 2, 6, 1, 4, 8 ಆಗಿ, 4ರ ಮೊತ್ತ 17ರ ಬದಲು 14 ಬರುತ್ತದೆ. ಹಾಗಾದರೆ ನನ್ನ ಎರಡು ಪರೀಕ್ಷೆ ಹೇಗೆ ಪಾಸಾದವು? ಸರಪಳಿಯಲ್ಲೂ ನಕ್ಷತ್ರದಲ್ಲೂ ಹೆಸರುಗಳನ್ನು ಕ್ರಮವಾಗಿ ಕೊಟ್ಟರೆ ಭೇಟಿಯ ಸಾಲು 1, 2, 3, 4, 5 ಎಂದೇ ಬರುತ್ತದೆ. `tin[v]` ಮತ್ತು `v-1` ಎರಡೂ ಒಂದೇ. ತಪ್ಪು ಕಾಣಿಸಲೇಬಾರದು ಎಂದು ಹುಡುಕಿದರೂ ಇವೆರಡಕ್ಕಿಂತ ಒಳ್ಳೆಯ ಟ್ರೀ ಸಿಗಲಾರದು.

ಸ್ಟ್ಯಾಕ್ ಬದಲು ಕ್ಯೂ ಇಟ್ಟರೂ ಇವೆರಡು ಟ್ರೀಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಕ್ಯೂ ಇಟ್ಟರೆ ಮಟ್ಟ ಮಟ್ಟವಾಗಿ ಸುತ್ತುತ್ತೇವೆ. ಕಾಗದದ ಟ್ರೀ 1, 4, 2, 7, 3, 6, 5 ಎಂದು ಬರುತ್ತದೆ. 4ರ ಮನೆಯವರು 1, 3, 4, 6ನೇ ಜಾಗಗಳಲ್ಲಿ ಚೆದುರಿ ಕೂತಿದ್ದಾರೆ, ನಡುವೆ 2 ಮತ್ತು 6 ಬಂದು ಸೇರಿವೆ. ಪೈಥಾನ್‌ನಲ್ಲಿ `pop()` ಇದ್ದಲ್ಲಿ ಕೈತಪ್ಪಿ `pop(0)` ಆದರೆ, `reversed` ಇರುವುದರಿಂದ ಮಕ್ಕಳ ಕ್ರಮ ತಿರುಗುಮುರುಗಾದರೂ, ಆಗುವುದು ಇಂಥದ್ದೇ ಚೆದುರುವಿಕೆ. `size` ಮಾತ್ರ ಆಗಲೂ ಸರಿಯಾಗಿಯೇ ಬರುತ್ತದೆ, ಆದ್ದರಿಂದ ಅದನ್ನು ಮುದ್ರಿಸಿ ನೋಡಿದರೆ ಪ್ರಯೋಜನವಿಲ್ಲ.

ಈಗ ನಾನು ಮಾಡುವುದು ಇಷ್ಟು: 8 ನೋಡ್‌ಗಳ ಯಾದೃಚ್ಛಿಕ ಟ್ರೀ ಮಾಡಿ, ರೂಟ್ ಬಿಟ್ಟು ಉಳಿದ ಹೆಸರುಗಳನ್ನು ಕಲಸಿ, ನಿಧಾನದ ಹಳೆಯ ಪ್ರೋಗ್ರಾಂ ಜೊತೆ ಸಾವಿರ ಸಲ ತಾಳೆ ನೋಡುತ್ತೇನೆ. ಎರಡು ತಪ್ಪುಗಳೂ ಮೊದಲ ಕೆಲವು ಸುತ್ತಿನಲ್ಲೇ ಸಿಕ್ಕಿಬೀಳುತ್ತವೆ.

ಇದೇ ಹಾಸಿದ ಅರೇ ಇನ್ನೊಂದು ಕೆಲಸಕ್ಕೂ ಬರುತ್ತದೆ ಎಂದು ತಿಳಿದದ್ದು ಆಮೇಲೆ. ರೂಟ್‌ನಿಂದ ಒಂದು ನೋಡ್‌ವರೆಗಿನ ದಾರಿಯ ಮೊತ್ತ ಬೇಕು ಅನ್ನಿ. ದಾರಿ ಅರೇಯಲ್ಲಿ ಒಂದೇ ತುಂಡಾಗಿ ಇರುವುದಿಲ್ಲ, ಆದರೆ ಪ್ರಶ್ನೆಯನ್ನು ತಿರುಗಿಸಬಹುದು: `v`ಯ ಬೆಲೆ ಯಾರ್ಯಾರ ದಾರಿಯಲ್ಲಿ ಸೇರುತ್ತದೆ? ಅದರ ಸಬ್‌ಟ್ರೀಯಲ್ಲಿರುವವರೆಲ್ಲರದ್ದರಲ್ಲಿ. ಹಾಗಾಗಿ `tin[v]` ಜಾಗದಲ್ಲಿ ಬೆಲೆ ಕೂಡಿಸಿ, `tin[v] + size[v]` ಜಾಗದಲ್ಲಿ ಕಳೆದು, ಮೊದಲಿಂದ ಆ ನೋಡ್‌ನ ಜಾಗದವರೆಗಿನ ಮೊತ್ತ ತೆಗೆದರಾಯಿತು. ಮೊದಲಿನ ಬೆಲೆಗಳಲ್ಲೇ 3ನೇ ನೋಡ್‌ಗೆ ನೋಡಿ: ಅದರ ಜಾಗ 4. ಅಲ್ಲಿಯವರೆಗೆ ಕೂಡಿದ್ದು 3, 6, 8, 1, 2. ಅಷ್ಟರಲ್ಲಿ 7 ಮತ್ತು 5ರ ಸಬ್‌ಟ್ರೀ ಮುಗಿದಿರುವುದರಿಂದ 8 ಮತ್ತು 1 ಕಳೆದುಹೋಗಿವೆ. ಉಳಿದದ್ದು 11, ಅಂದರೆ 1, 4, 3ರ ಬೆಲೆಗಳು.

ಇದನ್ನು ವಿವರಿಸುತ್ತಿದ್ದಾಗ ಜೊತೆಯ ಗೆಳೆಯನೊಬ್ಬ, "ಟ್ರೀನೇ ಬದಲಾಗ್ತಾ ಇದ್ರೆ ಏನ್ ಮಾಡ್ತೀಯ?" ಎಂದ. ಹೊಸ ಎಲೆಗಳು ಸೇರುವುದಷ್ಟೇ ಆಗಿದ್ದು, ಕ್ವೆರಿಗಳೆಲ್ಲ ಮೊದಲೇ ಕೈಯಲ್ಲಿದ್ದರೆ ದಾರಿಯಿದೆ: ಎಲ್ಲವನ್ನೂ ಓದಿ ಕೊನೆಯ ಟ್ರೀ ಕಟ್ಟಿ, ಅದನ್ನು ಹಾಸಿ, ಇನ್ನೂ ಹುಟ್ಟದ ನೋಡ್‌ಗಳ ಬೆಲೆಯನ್ನು ಸೊನ್ನೆ ಇಟ್ಟು, ಅವು ಹುಟ್ಟುವ ಹೊತ್ತಿಗೆ ಬೆಲೆ ತುಂಬುವುದು. ಒಂದು ಕೊಂಬೆಯನ್ನೇ ಕಿತ್ತು ಬೇರೆಡೆ ಕಟ್ಟುವುದಾದರೆ ಅರೇಯ ಒಂದು ತುಂಡೇ ಜಾಗ ಬದಲಿಸಬೇಕು, ಫೆನ್ವಿಕ್‌ಗೆ ಅದು ಆಗದ ಮಾತು. ನನಗೆ ಅಂಥದ್ದು ಎದುರಾದದ್ದು ಒಂದೇ ಸಲ. ಕೊಂಬೆ ಕೀಳುವುದು ಅಪರೂಪವಾಗಿದ್ದದ್ದರಿಂದ ಪ್ರತಿ ಸಲವೂ ಟ್ರೀಯನ್ನು ಮೊದಲಿಂದ ಹಾಸಿಬಿಟ್ಟೆ.