ಹ್ಯಾಂಗ್ಡ್ ಎಲ್ಲಿ, ಹಂಗ್ ಎಲ್ಲಿ: ಇಂಗ್ಲಿಷ್ ಪ್ರತಿ ತಿದ್ದುವಾಗ ನಾನು ಅನುಸರಿಸುವ ಕ್ರಮ

ಕನ್ನಡದಿಂದ ಇಂಗ್ಲಿಷಿಗೆ ಬಂದ ಪ್ರತಿಗಳನ್ನು ತಿದ್ದುವಾಗ ಭೂತಕಾಲದ ಜೋಡಿ ರೂಪಗಳನ್ನು ನಾನು ಎರಡು ಗುಂಪು ಮಾಡಿಕೊಳ್ಳುತ್ತೇನೆ. ಲರ್ನ್ಡ್, ಲರ್ನ್ಟ್ ಥರದವು ಒಂದು ಕಡೆ: ಅರ್ಥ ಒಂದೇ, ದೇಶ ಬೇರೆ. ಹ್ಯಾಂಗ್ಡ್, ಹಂಗ್ ಇನ್ನೊಂದು ಕಡೆ: ದೇಶ ಯಾವುದಾದರೂ ಅರ್ಥವೇ ಬೇರೆ. ಮೊದಲ ಗುಂಪನ್ನು ಹುಡುಕಿ ಬದಲಿಸಬಹುದು. ಎರಡನೆಯದನ್ನು ವಾಕ್ಯ ಓದಿಯೇ ತಿದ್ದಬೇಕು.

ಹ್ಯಾಂಗ್ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮ್ಮಲ್ಲಿ ನೇಣು ಹಾಕುವುದು ಬೇರೆ, ತೂಗುಹಾಕುವುದು ಬೇರೆ, ಜೋತುಬೀಳುವುದು ಬೇರೆ. ಇಂಗ್ಲಿಷಿನಲ್ಲಿ ಮೂರಕ್ಕೂ ಒಂದೇ ಕ್ರಿಯಾಪದ. ವ್ಯತ್ಯಾಸ ಕಾಣುವುದು ಭೂತರೂಪದಲ್ಲಿ ಮಾತ್ರ. ಹಾಗಾಗಿ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡುತ್ತೇನೆ. ‘ನೇಣಿಗೇರಿಸಿದರು’ ಎಂದು ಬಂದರೆ ಹ್ಯಾಂಗ್ಡ್, ಮಿಕ್ಕದ್ದಕ್ಕೆಲ್ಲ ಹಂಗ್.

ಸಂಗೊಳ್ಳಿ ರಾಯಣ್ಣನ ಬಗ್ಗೆ ಒಂದು ಪುಟ ಇದೆ ಎಂದುಕೊಳ್ಳಿ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು ಎಂಬಲ್ಲಿ ‘ವಾಸ್ ಹ್ಯಾಂಗ್ಡ್’. ಅದೇ ಪುಟದ ಕೊನೆಗೆ, ಪಂಚಾಯಿತಿ ಸಭಾಂಗಣದಲ್ಲಿ ಅವನ ಚಿತ್ರ ತೂಗುಹಾಕಿದ್ದಾರೆ ಎಂಬಲ್ಲಿ ‘ವಾಸ್ ಹಂಗ್’. ಇವೆರಡನ್ನು ಅದಲುಬದಲು ಮಾಡಿದರೆ ವೀರನನ್ನು ಗೋಡೆಗೆ ನೇತುಹಾಕಿ, ಚಿತ್ರಕ್ಕೆ ಮರಣದಂಡನೆ ಕೊಟ್ಟಂತಾಗುತ್ತದೆ. ಹೆಚ್ಚು ಜನ ಎಡವುವುದು ನಡುವಿನ ಜಾಗದಲ್ಲಿ. ನೇಣಾದ ಮೇಲೆ ಶವ ಮರದಲ್ಲಿ ನೇತಾಡುತ್ತಿತ್ತು ಎಂದರೆ ಅದು ಹಂಗ್. ಕೊಲ್ಲುವ ಕ್ರಿಯೆ ಮುಗಿದಿದೆ, ಉಳಿದಿರುವುದು ತೂಗುವ ಸ್ಥಿತಿ. ಕೊಂಬೆ ಹಿಡಿದು ಜೋತುಬಿದ್ದ ಹುಡುಗನಿಗೂ ಹಂಗ್. ಅಂದರೆ ‘ಮನುಷ್ಯರಿಗೆ ಹ್ಯಾಂಗ್ಡ್, ವಸ್ತುಗಳಿಗೆ ಹಂಗ್’ ಎಂಬ ಪಾಠ ಅರ್ಧ ಸತ್ಯ. ನೋಡಬೇಕಾದದ್ದು ಕುತ್ತಿಗೆಗೆ ಹಗ್ಗ ಬಿಗಿದು ಕೊಂದ ಮಾತೋ ಅಲ್ಲವೋ ಎಂಬುದನ್ನು. 2018ರ ಚುನಾವಣೆಯ ನಂತರದ ನಮ್ಮ ಅತಂತ್ರ ವಿಧಾನಸಭೆ ಹಂಗ್ ಅಸೆಂಬ್ಲಿಯೇ.

ಈ ಜೋಡಿ ಉಳಿದದ್ದಕ್ಕೆ ಕಾರಣ ನ್ಯಾಯಾಲಯ. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಬೇರೆ ಬೇರೆ ಕ್ರಿಯಾಪದಗಳಿದ್ದವು, ಆಮೇಲೆ ಒಂದರಲ್ಲೊಂದು ಬೆರೆತವು. ಮಾತಿನಲ್ಲಿ ಹಂಗ್ ಹಬ್ಬಿದರೂ ಮರಣದಂಡನೆಯ ಆದೇಶದ ಒಕ್ಕಣೆ ಹ್ಯಾಂಗ್ಡ್ ರೂಪವನ್ನು ಬಿಡಲಿಲ್ಲ. ನಮ್ಮ 1973ರ ದಂಡ ಪ್ರಕ್ರಿಯಾ ಸಂಹಿತೆಯ 354ನೇ ಕಲಮಿನಲ್ಲೂ ಅದೇ ಪದವಿತ್ತು. ಮಾತಿನಲ್ಲಿ ಮರಣದಂಡನೆಗೂ ಹಂಗ್ ಎನ್ನುವವರು ಧಾರಾಳವಾಗಿದ್ದಾರೆ. ಕಥೆಯ ಸಂಭಾಷಣೆಯಲ್ಲಿದ್ದರೆ ಅದನ್ನು ಮುಟ್ಟುವುದಿಲ್ಲ; ವರದಿಯಲ್ಲಿದ್ದರೆ ತಿದ್ದುತ್ತೇನೆ.

ಇನ್ನು ಲರ್ನ್ ಗುಂಪು. ಟಿ ಕೊನೆಯ ರೂಪ ಬ್ರಿಟಿಷ್ ಬಳಕೆಯದ್ದು, ಭಾರತದ ಪುಸ್ತಕ, ಪತ್ರಿಕೆಗಳಲ್ಲೂ ಸಾಮಾನ್ಯ. ಅಮೆರಿಕದ ಓದುಗನಿಗೆ ಲರ್ನ್ಟ್ ತಪ್ಪಿನಂತೆಯೇ ಕಾಣುತ್ತದೆ. ಬ್ರಿಟನ್ನಿನಲ್ಲಿ ಲರ್ನ್ಡ್ ಕೂಡ ಸಲ್ಲುವುದರಿಂದ, ಓದುಗ ಯಾರೆಂದು ಗೊತ್ತಿಲ್ಲದಾಗ ಇ-ಡಿ ರೂಪವೇ ಕ್ಷೇಮ. ಒಂದೇ ಪ್ರತಿಯಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೆ. ಎಲ್ಲಿ ಬೆರೆತಿದೆ ಎಂದು ಕಂಡುಹಿಡಿಯಲು ರೆಜೆಕ್ಸ್ ಹುಡುಕಾಟ, ಅಂದರೆ ಒಂದೇ ಪದದ ಬದಲು ಪದಗಳ ಮಾದರಿ ಕೊಟ್ಟು ಹುಡುಕುವ ಸೌಲಭ್ಯ, ಇರುವ ಎಡಿಟರ್‌ನಲ್ಲಿ ಈ ಸಾಲುಗಳನ್ನು ಒಂದೊಂದಾಗಿ ಓಡಿಸುತ್ತೇನೆ:

```
\b(learn|burn|dream|lean|leap|spoil)(ed|t)\b
\b(spelled|spelt|spilled|spilt|smelled|smelt)\b
\b(hung|hanged)\b
```

ಎರಡು ಬದಿಯ `\b` ಪದದ ಗಡಿ. ಅದನ್ನು ಬಿಟ್ಟು `leaned` ಇದ್ದಲ್ಲೆಲ್ಲ `leant` ಹಾಕಿ ಎಂದರೆ, `cleaned` ಎಂಬುದರ ಹೊಟ್ಟೆಯೊಳಗೂ ಕೈ ಹೋಗಿ `cleant` ಎಂಬ ವಿಚಿತ್ರ ಪದ ಹುಟ್ಟುತ್ತದೆ. ಗಡಿ ಹಾಕಿದರೂ ಎಲ್ಲವನ್ನೂ ಒಂದೇ ಏಟಿಗೆ ಬದಲಿಸುವ ಗುಂಡಿ ಒತ್ತಬೇಡಿ. ಸ್ಮೆಲ್ಟ್ ಎಂದರೆ ‘ವಾಸನೆ ಬಂತು’ ಮಾತ್ರವಲ್ಲ, ಅದಿರು ಕರಗಿಸಿ ಲೋಹ ತೆಗೆಯುವುದೂ ಹೌದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲೇಖನವನ್ನು ಅಮೆರಿಕನ್ ಶೈಲಿಗೆ ತರುವ ಭರದಲ್ಲಿ ಅದನ್ನು ಸ್ಮೆಲ್ಡ್ ಮಾಡಿದರೆ, ಕಬ್ಬಿಣ ತೆಗೆಯಬೇಕಾದ ಕೆಲಸಗಾರರು ಅದನ್ನು ಮೂಸಿ ನೋಡುತ್ತಾರೆ. ಲೋಹದ ಸ್ಮೆಲ್ಟ್‌ಗೆ ಭೂತರೂಪ ಸ್ಮೆಲ್ಟೆಡ್.

ಬರ್ನ್ ಪದ ಸ್ವಲ್ಪ ಸೂಕ್ಷ್ಮ. ವಿಶೇಷಣವಾದಾಗ ಅಮೆರಿಕದಲ್ಲೂ ಬರ್ನ್ಟ್ ಬಳಕೆಯಲ್ಲಿದೆ. ಸೀದ ಬ್ರೆಡ್ಡಿಗೆ ಬರ್ನ್ಟ್ ಟೋಸ್ಟ್ ಎನ್ನುವುದು ಅಲ್ಲೂ ಸಹಜ. ಆದ್ದರಿಂದ ಬರ್ನ್ಟ್ ಮುಂದೆ ನಾಮಪದ ಬಂದಿದೆಯೇ ನೋಡಿ, ಬಂದಿದ್ದರೆ ಹಾಗೇ ಬಿಡುತ್ತೇನೆ.

ಲರ್ನ್ಡ್ ಪದದ ಕಥೆ ಇದಕ್ಕೆ ತಿರುಗುಮುರುಗು. ವಕೀಲರು ಎದುರು ಪಕ್ಷದ ವಕೀಲರನ್ನು ‘ಮೈ ಲರ್ನೆಡ್ ಫ್ರೆಂಡ್’ ಎನ್ನುತ್ತಾರಲ್ಲ, ಅಲ್ಲಿ ಅದು ‘ವಿದ್ವಾಂಸ’ ಎಂಬ ವಿಶೇಷಣ, ಉಚ್ಚಾರದಲ್ಲಿ ಎರಡು ತುಂಡು. ಅದಕ್ಕೆ ಟಿ ರೂಪವೇ ಇಲ್ಲ. ಬ್ರಿಟಿಷ್ ಶೈಲಿ ಬೇಕೆಂದು ಎಲ್ಲವನ್ನೂ ಲರ್ನ್ಟ್ ಮಾಡಿದ ತೀರ್ಪಿನ ಅನುವಾದದಲ್ಲಿ ಮೊದಲು ಕೆಡುವುದೇ ಇದು. ಕಾನೂನಿನ ಪ್ರತಿ ಬಂದರೆ ಬೇರೇನೂ ಹುಡುಕುವ ಮೊದಲು ಕೌನ್ಸೆಲ್, ಜಡ್ಜ್, ಫ್ರೆಂಡ್ ಪದಗಳ ಹಿಂದೆ ಏನಿದೆ ಎಂದು ನೋಡಿಕೊಳ್ಳುತ್ತೇನೆ.